ಕ್ಯಾನ್ಸರ್ ಬಂದವರ ಆಯಸ್ಸೇ ಗಟ್ಟಿ

ಹೆಚ್ಚು ಕಾಲ ಬದುಕಬೇಕು ಅಂತ ಜನ ಏನೇನೋ ಪಾಡು ಪಡುತ್ತಾರೆ. ಬೆಳಿಗ್ಗೆ ಎದ್ದು ಓಡುತ್ತಾರೆ, ಉಪ್ಪು ಬಿಡುತ್ತಾರೆ, ಹರಕೆ ಹೊರುತ್ತಾರೆ. ಸುಮ್ನೆ ಕಷ್ಟ. ದಕ್ಷಿಣ ಕೊರಿಯಾದ ಸರ್ಕಾರಿ ಅಂಕಿಅಂಶಗಳಲ್ಲಿ ಇದಕ್ಕಿಂತ ಸುಲಭದ ದಾರಿ ಸಿಗುತ್ತದೆ. ಥೈರಾಯ್ಡ್ ಕ್ಯಾನ್ಸರ್ ಇದೆ ಅನ್ನಿಸಿಕೊಂಡರಾಯಿತು. 2010ರ ದಶಕದಲ್ಲಿ ಆ ದೇಶ ಪ್ರಕಟಿಸಿದ ಲೆಕ್ಕದಲ್ಲಿ, ಈ ಕ್ಯಾನ್ಸರ್ ಇರುವವರು ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 100ಕ್ಕಿಂತ ತುಸು ಜಾಸ್ತಿ!

ಅಚ್ಚಿನ ತಪ್ಪಲ್ಲ. ಈ ಲೆಕ್ಕ ರೋಗಿಗಳನ್ನು ಅವರದೇ ವಯಸ್ಸಿನ ಉಳಿದ ಜನರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತದೆ. ಇಬ್ಬರೂ ಸಮಸಮ ಬದುಕಿದರೆ 100. ಅದಕ್ಕಿಂತ ಮೇಲೆ ಹೋದರೆ, ಕ್ಯಾನ್ಸರ್ ಇರುವವರೇ ಇಲ್ಲದವರಿಗಿಂತ ಗಟ್ಟಿ ಎಂದರ್ಥ. ಇದನ್ನು ಎರಡು ರೀತಿ ಓದಬಹುದು. ಕ್ಯಾನ್ಸರ್ ಆರೋಗ್ಯಕ್ಕೆ ಒಳ್ಳೆಯದು ಅನ್ನಬಹುದು. ಇಲ್ಲವೇ, ಆರೋಗ್ಯವಾಗಿದ್ದವರನ್ನೇ ಕರೆದು ಕೂರಿಸಿ, ಕ್ಯಾನ್ಸರ್ ಎಂಬ ಹೆಸರು ಕೊಟ್ಟು ಕಳಿಸಿದ್ದಾರೆ ಅನ್ನಬಹುದು.

ಎರಡನೆಯದು ಹೇಗಾಯಿತು ನೋಡೋಣ. 1999ರಲ್ಲಿ ಕೊರಿಯಾ ಸರ್ಕಾರ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಶುರುಮಾಡಿತು. ಕಾಲಕ್ರಮೇಣ ಅದರಲ್ಲಿ ಹೊಟ್ಟೆ, ಸ್ತನ, ಗರ್ಭಕೊರಳು, ಕರುಳು, ಯಕೃತ್ತು ಎಲ್ಲ ಸೇರಿದವು. ಥೈರಾಯ್ಡ್ ಮಾತ್ರ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಯಂತ್ರ ಇತ್ತು, ಅದರ ಮುಂದೆ ಜನ ಹೇಗೂ ಸಾಲು ನಿಂತಿದ್ದರು. 'ಬಂದಿದ್ದೀರಿ, ಕತ್ತನ್ನೂ ಒಂದು ಸಲ ನೋಡಿಬಿಡೋಣ, 30ರಿಂದ 50 ಡಾಲರ್ ಆಗುತ್ತೆ ಅಷ್ಟೇ' ಎಂದರೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ನೋವಿಲ್ಲ, ಸೂಜಿ ಇಲ್ಲ. ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಹತ್ತು ನಿಮಿಷ ಮಲಗಿದರೆ ಮುಗಿಯಿತು.

ಸೂಜಿ ಆಮೇಲೆ ಬರುತ್ತದೆ. ಪರದೆಯ ಮೇಲೆ ಕೆಲವು ಮಿಲಿಮೀಟರಿನ ಗಂಟು ಕಾಣುತ್ತದೆ. ಕಂಡ ಮೇಲೆ ಬಿಡುವುದು ಹೇಗೆ? ಸೂಜಿ ಚುಚ್ಚಿ ನಾಲ್ಕು ಜೀವಕೋಶ ಎಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. 'ಪ್ಯಾಪಿಲರಿ ಕ್ಯಾನ್ಸರ್' ಎಂದು ವರದಿ ಬರುತ್ತದೆ. ವರದಿ ಸುಳ್ಳಲ್ಲ, ಇದನ್ನು ಗಮನಿಸಬೇಕು. ಲ್ಯಾಬಿನವರು ತಪ್ಪು ಮಾಡಿಲ್ಲ, ಡಾಕ್ಟರು ಮೋಸ ಮಾಡಿಲ್ಲ. ಅದು ನಿಜವಾದ ಕ್ಯಾನ್ಸರೇ. ಇಡೀ ಬದುಕು ಮುಗಿಯುವವರೆಗೆ ಏನೂ ಮಾಡದೆ ತೆಪ್ಪಗೆ ಕೂತಿರುತ್ತಿದ್ದ ಕ್ಯಾನ್ಸರ್ ಅಷ್ಟೇ. ಓವರ್‌ಡಯಾಗ್ನೋಸಿಸ್ ಎಂದರೆ ಇದೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅನ್ನುತ್ತೇವಲ್ಲ, ಹಾಗೆ. ಇಲ್ಲಿ ಮಾರಿ ಬೀದಿಗೂ ಇಳಿದಿರಲಿಲ್ಲ, ತನ್ನ ಪಾಡಿಗೆ ನಿದ್ದೆ ಹೊಡೆಯುತ್ತಿತ್ತು.

ಎಷ್ಟು ಜನರ ಕತ್ತಿನಲ್ಲಿ ಇಂಥದ್ದು ಮಲಗಿರುತ್ತದೆ? ಫಿನ್ಲೆಂಡಿನ ವೈದ್ಯರು 1985ರಲ್ಲೇ ಉತ್ತರ ಕೊಟ್ಟಿದ್ದರು. ಅವರು 101 ಶವಗಳ ಥೈರಾಯ್ಡ್ ಗ್ರಂಥಿಯನ್ನು ಎರಡು ಮೂರು ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ದು ನೋಡಿದರು. 36 ಜನರಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಸಿಕ್ಕಿತು. ಬದುಕಿದ್ದಾಗ ಅದರ ಸುದ್ದಿ ಯಾರಿಗೂ ಇರಲಿಲ್ಲ. ಇನ್ನೂ ತೆಳ್ಳಗೆ ಕೊಯ್ದಿದ್ದರೆ ಇನ್ನೂ ಎಷ್ಟೋ ಜನರಲ್ಲಿ ಸಿಗುತ್ತಿತ್ತು ಎಂದು ಅವರೇ ಲೆಕ್ಕ ಹಾಕಿದ್ದಾರೆ. ಅಂದರೆ ಎಷ್ಟು ಕ್ಯಾನ್ಸರ್ ಇದೆ ಎನ್ನುವುದು ಎಷ್ಟು ತೆಳ್ಳಗೆ ಕೊಯ್ದಿರಿ ಎನ್ನುವುದರ ಮೇಲೆ ನಿಂತಿದೆ.

ಕೊರಿಯಾ ಇಂಥ ಮೂರರಲ್ಲೊಂದು ಭಾಗದ ಜನರನ್ನು ಹುಡುಕಲು ಯಂತ್ರ ಹಿಡಿದು ಹೊರಟಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನ. ದೇಶದಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಎಂಬ ಪಟ್ಟ ಇದಕ್ಕೇ ಸಿಕ್ಕಿತು. ಸಾವಿನ ಗೆರೆ ಮಾತ್ರ ಅಷ್ಟೂ ವರ್ಷ ಬಹುತೇಕ ಮಲಗಿಯೇ ಇತ್ತು. ವರ್ಷಕ್ಕೆ ಮುನ್ನೂರು, ನಾನೂರು ಜನ. ಬೆಟ್ಟ ಅಗೆದು ಇಲಿ ಹಿಡಿಯುವುದನ್ನು ಕೇಳಿದ್ದೇವೆ. ಇವರು ಬೆಟ್ಟ ಅಗೆದು ವರ್ಷಕ್ಕೆ 40 ಸಾವಿರ ಇಲಿ ಹಿಡಿದರು. ಹುಲಿ ಎಂದಿನಂತೆ ತನ್ನ ಲೆಕ್ಕದ ಜನರನ್ನು ಎತ್ತಿಕೊಂಡು ಹೋಗುತ್ತಿತ್ತು.

'ಕಾಯಿಲೆ ನಿಜವಾಗಿಯೂ ಹೆಚ್ಚಿರಬಹುದು, ಚಿಕಿತ್ಸೆಯಿಂದ ಎಲ್ಲರೂ ಉಳಿದಿರಬಹುದು, ಅಲ್ವಾ?' ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಹಾಗಾಗಬೇಕಾದರೆ ಕಾಯಿಲೆ 15 ಪಟ್ಟು ಏರುತ್ತಿರುವಾಗ ಚಿಕಿತ್ಸೆಯೂ ವರ್ಷ ವರ್ಷ ಅದಕ್ಕೆ ಸರಿಯಾಗಿ ತಾಳ ಹಾಕುತ್ತಾ ಸುಧಾರಿಸಿರಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇನ್ನೊಂದು ತೊಡಕೂ ಇದೆ. ದೇಶದ ಬೇರೆ ಬೇರೆ ಪ್ರಾಂತಗಳನ್ನು ಹೋಲಿಸಿದಾಗ, ಎಲ್ಲಿ ತಪಾಸಣೆ ಜಾಸ್ತಿಯೋ ಅಲ್ಲಿ ಥೈರಾಯ್ಡ್ ಕ್ಯಾನ್ಸರೂ ಜಾಸ್ತಿ ಇತ್ತು. ಯಂತ್ರ ಇರುವ ಜಾಗ ನೋಡಿ ಬರುವ ಕಾಯಿಲೆ!

ಈಗ ಶೇ. 100ರ ಗುಟ್ಟಿಗೆ ಬರೋಣ. ಇದು ಬಾಯಿಲೆಕ್ಕದಲ್ಲೇ ಆಗುತ್ತದೆ. ಒಂದು ಕಡೆ 100 ರೋಗಿಗಳಿದ್ದಾರೆ, ಅವರಲ್ಲಿ 10 ಜನ ಸಾಯುತ್ತಾರೆ ಅಂದುಕೊಳ್ಳಿ. ಬದುಕುಳಿದವರು ಶೇ. 90. ಮುಂದಿನ ವರ್ಷ ಯಂತ್ರ ತಂದು, ಏನೂ ಆಗದ ಇನ್ನೂ 900 ಜನರನ್ನು ಅದೇ ಪಟ್ಟಿಗೆ ಸೇರಿಸಿ. ಈಗ ರೋಗಿಗಳು 1000, ಸಾಯುವವರು ಅದೇ 10. ಬದುಕುಳಿದವರು ಶೇ. 99! ಒಂದು ಜೀವವೂ ಉಳಿಯಲಿಲ್ಲ, ಆದರೂ ಪತ್ರಿಕಾಗೋಷ್ಠಿ ಕರೆಯಬಹುದು. ಕಿಸೆಯಿಂದ ದುಡ್ಡು ಕೊಟ್ಟು ಕತ್ತು ತೋರಿಸಿಕೊಳ್ಳುವವರು ಸಾಮಾನ್ಯವಾಗಿ ಉಳಿದವರಿಗಿಂತ ಸ್ವಲ್ಪ ಅನುಕೂಲಸ್ಥರು, ಆರೋಗ್ಯದ ಕಾಳಜಿ ಇರುವವರು. ಅವರನ್ನೇ ತುಂಬಿಕೊಂಡರೆ ಪಟ್ಟಿ 100 ದಾಟಲು ಹೆಚ್ಚು ಕಷ್ಟವಿಲ್ಲ.

ಹಾಗಾದರೆ ತಪಾಸಣೆಯನ್ನು ಅಳೆಯುವುದು ಹೇಗೆ? ಅದಕ್ಕೊಂದು ಸೀದಾಸಾದಾ ಅಳತೆ ಇದೆ, 'ನಂಬರ್ ನೀಡೆಡ್ ಟು ಸ್ಕ್ರೀನ್'. ಒಂದು ಸಾವು ತಪ್ಪಿಸಲು ಎಷ್ಟು ಜನರನ್ನು ತಪಾಸಣೆ ಮಾಡಬೇಕು ಎನ್ನುವ ಸಂಖ್ಯೆ. ಬೇರೆ ಕಡೆಯ ಒಂದು ಉದಾಹರಣೆ ನೋಡಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ಪಿಎಸ್ಎ ರಕ್ತಪರೀಕ್ಷೆ ಮಾಡಿದರೆ ಲಾಭ ಇದೆಯೇ ಎಂದು ಯುರೋಪಿನ ಏಳು ದೇಶಗಳಲ್ಲಿ ಪರೀಕ್ಷಿಸಿ ನೋಡಿದರು. ಮೊದಲ ದೊಡ್ಡ ಫಲಿತಾಂಶ 2009ರಲ್ಲಿ ಬಂತು. ಸುಮಾರು ಒಂಬತ್ತು ವರ್ಷದಲ್ಲಿ, ಪರೀಕ್ಷೆಗೆ ಕರೆಯದ ಗುಂಪಿನಲ್ಲಿ ಸಾವಿರಕ್ಕೆ 3.65 ಜನ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತರು. ಕರೆದ ಗುಂಪಿನಲ್ಲಿ 2.94. 'ಸಾವು ಶೇ. 20 ಇಳಿಕೆ' ಎಂದು ಶೀರ್ಷಿಕೆ ಬರೆದರೆ ಅದು ನಿಜ. 'ಸಾವಿರಕ್ಕೆ 0.71 ಇಳಿಕೆ' ಎಂದು ಬರೆದರೂ ಅಷ್ಟೇ ನಿಜ, ಆದರೆ ಹಾಗೆ ಯಾರು ಬರೆಯುತ್ತಾರೆ? ಆ 0.71ರಿಂದ ಸಾವಿರವನ್ನು ಭಾಗಿಸಿದರೆ ಸುಮಾರು 1410 ಬರುತ್ತದೆ. ಒಂದು ಸಾವು ತಪ್ಪಿಸಲು 1410 ಜನರ ತಪಾಸಣೆ. ಜೊತೆಗೆ, ತಪಾಸಣೆ ಇಲ್ಲದಿದ್ದರೆ ಬೇಕಾಗದ ಇನ್ನೂ 48 ಜನರಿಗೆ ಚಿಕಿತ್ಸೆ. ಈ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳ ಆಡಬಹುದು. ಜಗಳ ಆಡಲು ಒಂದು ಸಂಖ್ಯೆಯಾದರೂ ಇದೆ.

ಕೊರಿಯಾದ ಥೈರಾಯ್ಡಿಗೆ ಇದೇ ಲೆಕ್ಕ ಹಾಕಲು ಹೋಗಿ. ತಪಾಸಣೆ ಕಡಿಮೆ ಇದ್ದಾಗಿನ ಸಾವಿನಿಂದ ಹೆಚ್ಚಾದಾಗಿನ ಸಾವನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಎಂದು ಶಾಲೆಯಲ್ಲಿ ಮೇಷ್ಟ್ರು ಬೈದು ಹೇಳಿಕೊಟ್ಟಿದ್ದಾರೆ. ಒಂದು ಸಾವು ತಪ್ಪಿಸಲು ಎಷ್ಟು ಕತ್ತು ನೋಡಬೇಕು? ಇರುವ ಕತ್ತುಗಳೆಲ್ಲ ಮುಗಿದರೂ ಸಾಲದು.

ತಪಾಸಣೆಯ ಇನ್ನೊಂದು ಬದಿಯ ಲೆಕ್ಕ ಮಾತ್ರ ಸೊನ್ನೆ ಆಗಲಿಲ್ಲ. ಪತ್ತೆಯಾದ ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಮೂರರಲ್ಲಿ ಎರಡು ಪಾಲು ಜನರ ಇಡೀ ಗ್ರಂಥಿಯನ್ನೇ ತೆಗೆದರು. ಗ್ರಂಥಿ ಹೋದ ಮೇಲೆ ಸಾಯುವವರೆಗೂ ದಿನಾ ಹಾರ್ಮೋನ್ ಮಾತ್ರೆ ನುಂಗಬೇಕು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಕೆಲಸ. ಕತ್ತರಿ ಆಡುವಾಗ ಅವಕ್ಕೂ ಪೆಟ್ಟು ಬೀಳುತ್ತದೆ. ಧ್ವನಿತಂತುಗಳಿಗೆ ಹೋಗುವ ನರವೂ ಅಲ್ಲೇ ಹಾದುಹೋಗುತ್ತದೆ. ಆಪರೇಷನ್ ಆದ ಸುಮಾರು 15 ಸಾವಿರ ಜನರ ವಿಮಾ ದಾಖಲೆ ತೆಗೆದು ನೋಡಿದಾಗ ಶೇ. 11 ಜನರಿಗೆ ಕ್ಯಾಲ್ಸಿಯಂ ತೊಂದರೆ, ಶೇ. 2 ಜನರಿಗೆ ಧ್ವನಿತಂತು ಲಕ್ವ ಕಂಡುಬಂತು. ಶೇ. 2 ಎಂದರೆ ಏನು ಮಹಾ ಅನ್ನಿಸಬಹುದು. 40 ಸಾವಿರಕ್ಕೆ ಹಾಕಿ ನೋಡಿ, 800 ಗಂಟಲು. ಆ ಕ್ಯಾನ್ಸರಿನಿಂದ ವರ್ಷಕ್ಕೆ ಸಾಯುತ್ತಿದ್ದವರ ಎರಡು ಪಟ್ಟು.

ಆದರೂ ಯಾರೂ ದೂರಲಿಲ್ಲ, ಇದೇ ನನಗೆ ಎಲ್ಲಕ್ಕಿಂತ ಸೋಜಿಗ. ಬೇರೆ ಯಾವ ಯೋಜನೆಯೇ ಆಗಲಿ, ಪೆಟ್ಟು ತಿಂದವನು ಬೀದಿಗೆ ಬಂದು ಬೈಯುತ್ತಾನೆ. ಇಲ್ಲಿ ಪೆಟ್ಟು ತಿಂದವನು ಕೈಮುಗಿಯುತ್ತಾನೆ. 'ಸರಿಯಾದ ಸಮಯಕ್ಕೆ ಸಿಕ್ಕಿತು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನನ್ನ ತಿಥಿ ಆಗಿರುತ್ತಿತ್ತು' ಎಂದು ಕುಗ್ಗಿದ ದನಿಯಲ್ಲಿ ಹೇಳುತ್ತಾನೆ. ಅವನ ಪಾಲಿಗೆ ಅದು ಸತ್ಯ, ನಾವು ಯಾರು ಅಲ್ಲ ಅನ್ನಲು? ಅವನ ಗಂಟು ಬೆಳೆಯುತ್ತಿತ್ತೋ ಮಲಗಿರುತ್ತಿತ್ತೋ ಎಂದು ಹೇಳುವ ಪರೀಕ್ಷೆ ಇಲ್ಲ, ಗಂಟೂ ಈಗ ಇಲ್ಲ. ಹೀಗೆ ಬದುಕುಳಿದವರು ತಂಗಿಯನ್ನು ಕಳಿಸುತ್ತಾರೆ, ಬೀಗರನ್ನು ಕಳಿಸುತ್ತಾರೆ. ವ್ಯರ್ಥ ಆಪರೇಷನ್ ಹೆಚ್ಚಿದಷ್ಟೂ ಯೋಜನೆಯ ಹೆಸರು ಮೇಲೇರುತ್ತದೆ. ಇಂಥ ಪ್ರಚಾರಕರು ಯಾವ ರಾಜಕೀಯ ಪಕ್ಷಕ್ಕೂ ಸಿಕ್ಕಿಲ್ಲ. (ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿದ್ದರೆ, ದನಿ ಬದಲಾಗಿದ್ದರೆ ತೋರಿಸಿಕೊಳ್ಳಬೇಕು. ಅದು ಬೇರೆ ಮಾತು. ಇಲ್ಲಿ ಹೇಳುತ್ತಿರುವುದು ಏನೂ ಇಲ್ಲದವರನ್ನು ಹುಡುಕಿಕೊಂಡು ಹೋಗುವ ಕಥೆ.)

2014ರ ಮಾರ್ಚಿನಲ್ಲಿ ಕೊರಿಯಾದ ಎಂಟು ವೈದ್ಯರು ಒಂದು ಕೂಟ ಕಟ್ಟಿಕೊಂಡು ಜನರಿಗೆ ಬಹಿರಂಗ ಪತ್ರ ಬರೆದರು. ಲಕ್ಷಣ ಇಲ್ಲದವರು ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಡಿ ಅಂದರು. ಹೊಸ ಯಂತ್ರವಿಲ್ಲ, ಹೊಸ ಔಷಧಿ ಇಲ್ಲ, ಬರೀ ಒಂದು ಕಾಗದ. ಪತ್ರಿಕೆ, ಟೀವಿಗಳಲ್ಲಿ ಸುದ್ದಿಯಾಯಿತು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್‌ಗಳು ಸುಮಾರು ಶೇ. 35 ಇಳಿದವು. ಕಾಗದ ಓದಿ ಕ್ಯಾನ್ಸರ್ ಇಳಿಯುವುದನ್ನು ವೈದ್ಯಶಾಸ್ತ್ರ ಹಿಂದೆ ಎಲ್ಲಿಯಾದರೂ ಕಂಡಿತ್ತೋ ಇಲ್ಲವೋ.

ಆ ವರ್ಷ ಕತ್ತಿ ತಪ್ಪಿಸಿಕೊಂಡ ಸಾವಿರಾರು ಜನ ಈಗಲೂ ತಮ್ಮದೇ ಗ್ರಂಥಿ ಇಟ್ಟುಕೊಂಡು, ತಮ್ಮದೇ ದನಿಯಲ್ಲಿ ಮಾತಾಡಿಕೊಂಡು ಓಡಾಡುತ್ತಿದ್ದಾರೆ. ತಾವು ಆ ಸಾವಿರಾರರಲ್ಲಿ ಒಬ್ಬರು ಎಂಬುದು ಅವರಿಗೆ ಗೊತ್ತಿಲ್ಲ. ಆ ಎಂಟು ವೈದ್ಯರ ಮನೆಗೆ ಹೂಗುಚ್ಛ ಹಿಡಿದು ಹೋಗಬೇಕೆಂದರೂ ಹೋಗುವವರು ಯಾರು?