ಲೈಟ್ ಅಜೆಂಡಾ, ಪ್ಲಸ್ ಟ್ಯಾಕ್ಸು

ಪ್ರಪಂಚದಲ್ಲಿ ಯಾವ ಇಬ್ಬರು ಸೇರಿ "ಪ್ಲಸ್ ಟ್ಯಾಕ್ಸ್" ಅನ್ನೋದನ್ನ ಕಂಡುಹಿಡಿದ್ರೋ ಅವ್ರಿಗೆ ನನ್ನ ಶಾಪ ತಟ್ಟದೇ ಇರಲ್ಲ. ಆಫೀಸಿನ ಟೀಮ್ ಔಟಿಂಗ್ ಜವಾಬ್ದಾರಿ ಈ ಸಲ ನನ್ನ ತಲೆಗೆ ಬಂದಿದೆ. "ನೀವು ಚೆನ್ನಾಗಿ ಮ್ಯಾನೇಜ್ ಮಾಡ್ತೀರ ಮೇಡಂ" ಅಂತ ಯಾರಾದ್ರೂ ಹೊಗಳಿದ್ರೆ ದಯವಿಟ್ಟು ತಕ್ಷಣ ಕ್ಯಾಮೆರಾ ಆಫ್ ಮಾಡಿ, ನೆಟ್‌ವರ್ಕ್ ಹೋಯ್ತು ಅನ್ನಿ.

ಇಪ್ಪತ್ನಾಲ್ಕು ಜನ, ತಲೆಗೆ 2,500, ಒಟ್ಟು 60,000. ಅದರ ಮೇಲೆ ಒಂದು ರೂಪಾಯಿ ಸಿಗಲ್ಲ ಅಂತ ಫೈನಾನ್ಸ್‌ನವ್ರು ಮೊದಲ ಮೇಲಲ್ಲೇ ದಪ್ಪಕ್ಷರದಲ್ಲಿ ಬರೆದಿದ್ರು. ಕೇಳೋಕೆ ದೊಡ್ಡ ಮೊತ್ತ ಅಲ್ವಾ? ನನಗೂ ಹಾಗೇ ಅನ್ಸಿತ್ತು. ಹಾರೋಹಳ್ಳಿ ದಾಟಿ ಕನಕಪುರ ರೋಡಲ್ಲಿ ಒಂದು ರೆಸಾರ್ಟು ಸಿಕ್ತು, ತಿಂಡಿ ಊಟ ಸಂಜೆ ಕಾಫಿ ಈಜುಕೊಳ ರೈನ್ ಡಾನ್ಸು ಎಲ್ಲಾ ಸೇರಿ ತಲೆಗೆ ಬರೀ 1,500 ಅಂದ. ಬರೀ ಅಂದಿದ್ದು ಅವನೇ. ಕೊಟೇಶನ್ ಬಂದಾಗ ಕೆಳಗಡೆ ಸಣ್ಣಕ್ಷರದಲ್ಲಿ ಜಿಎಸ್‌ಟಿ 18 ಪರ್ಸೆಂಟು, ಅಂದ್ರೆ 1,770, ಇಪ್ಪತ್ನಾಲ್ಕು ಜನಕ್ಕೆ 42,480. ಜೊತೆಗೆ ಮಿನಿಮಮ್ ಗ್ಯಾರಂಟಿ ಅಂತ ಇನ್ನೊಂದು ಸಾಲು. ನಾವು ಎಷ್ಟು ತಲೆ ಅಂತ ಮೊದಲೇ ಬರ್ಕೊಡ್ತೀವೋ ಅಷ್ಟಕ್ಕೂ ದುಡ್ಡು ಕೊಡ್ಲೇಬೇಕು, ಆ ತಲೆ ಬಂದ್ರೂ ಸರಿ ಮನೇಲಿ ಮಲ್ಕೊಂಡಿದ್ರೂ ಸರಿ. ಬೆಂಗ್ಳೂರಲ್ಲಿ ಇಪ್ಪತ್ನಾಲ್ಕು ಜನ ಬರ್ತೀವಿ ಅಂದ್ರೆ ಎಷ್ಟು ಜನ ಬರ್ತಾರೆ ಅಂತ ಆ ರೆಸಾರ್ಟಿನವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಯಾವತ್ತು ಹೋಗೋದು ಅಂತ ಗ್ರೂಪಲ್ಲಿ ಪೋಲ್ ಹಾಕಿದೆ. ಕೆಲಸದ ದಿನ ಕಂಪನಿ ಕೊಡಲ್ಲ, ಭಾನುವಾರ ಜನ ಕೊಡಲ್ಲ, ಹಾಗಾಗಿ ಶನಿವಾರ. ಆಗ ಶುರುವಾಯ್ತು ನೋಡಿ. ಶನಿವಾರ ನಾನು ನಾನ್‌ವೆಜ್ ತಿನ್ನಲ್ಲ ಅಂತ ಐದಾರು ಜನ. ಸರಿ ಬೇರೆ ದಿನ ರಜೆ ಕೇಳ್ಕೊಂಡು ನೋಡೋಣ ಅಂದ್ರೆ ಸೋಮವಾರ ಈಶ್ವರ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಇನ್ನು ಉಳಿದಿದ್ದು ಮಂಗಳವಾರ ಬುಧವಾರ, ಅವತ್ತು ಕ್ಲೈಂಟು. ಬಫೆಯಲ್ಲಿ ಚಿಕನ್ ಮುಟ್ಟದೇ ಇದ್ರೂ ರೇಟು ಅದೇ ಅಂತೆ. ಟೀಮಲ್ಲಿ ಒಬ್ಬರು ಜೈನರು, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಯಾವುದೂ ಇಲ್ಲ, ಅವರೊಬ್ಬರೇ ಪಾಪ ಒಂದೇ ಒಂದು ಸಲ ಮೆಸೇಜ್ ಮಾಡಿ "ನನಗೆ ಮೊಸರನ್ನ ಇದ್ರೆ ಸಾಕು" ಅಂದ್ರು. ಇಡೀ ಗ್ರೂಪಲ್ಲಿ ಪುಣ್ಯಾತ್ಮರು ಅಂದ್ರೆ ಅವರೇ.

ಆದ್ರೆ ಇದೆಲ್ಲಾ ಏನೂ ಅಲ್ಲ. ಅಸಲಿ ಕಥೆ ಬಸ್ಸಿಂದು. ನಮ್ಮ ಟೆಸ್ಟಿಂಗ್‌ನಲ್ಲಿ ಒಬ್ಬ ಮಹಾಶಯ ಇದಾನೆ, ಅವನ ಬಾಯಲ್ಲಿ ಯಾವಾಗ್ಲೂ ಒಂದೇ ಮಾತು: "ಆನ್ ದ ವೇ ಅಲ್ವಾ?" ಆಫೀಸಿರೋದು ಹೆಬ್ಬಾಳದ ಹತ್ರ, ರೆಸಾರ್ಟು ಕನಕಪುರ ರೋಡು, ಅವನ ಮನೆ ಕಾಡುಗೋಡಿ. ಬೆಂಗ್ಳೂರಿನ ಮ್ಯಾಪು ನೋಡಿದವರು ಈಗ್ಲೇ ನಗ್ತಿರ್ತೀರ. ನಾನು ಪಿಕಪ್ ಪಾಯಿಂಟುಗಳನ್ನ ಹಾಕಿದ ಕೂಡಲೇ "ಹೆಬ್ಬಾಳದಿಂದ ಹಾಗೇ ಔಟರ್ ರಿಂಗ್ ರೋಡಲ್ಲಿ ಬಂದ್ರೆ ನಮ್ಮನೆ ಆನ್ ದ ವೇ ಅಲ್ವಾ?" ಅಂದ. ಅಲ್ಲ ಮಾರಾಯ, ರಿಂಗ್ ರೋಡು ಎಲ್ಲಿ ಕಾಡುಗೋಡಿ ಎಲ್ಲಿ? "ಅಲ್ಲಿಂದ ಸ್ವಲ್ಪ ಒಳಗೆ ಅಷ್ಟೇ." ಅವನಿಗೆ ಹೂಂ ಅಂದಿದ್ದು ನೋಡಿ ಮಾರತ್ತಹಳ್ಳಿಯವ್ರು ಕೈ ಎತ್ತಿದ್ರು, ಆಮೇಲೆ ಸಿಲ್ಕ್ ಬೋರ್ಡು, ಆಮೇಲೆ ಬನಶಂಕರಿ, ಕೊನೆಗೆ ರಾಜರಾಜೇಶ್ವರಿ ನಗರದಿಂದ ಒಬ್ಬರು "ನಂದೂ ಆನ್ ದ ವೇ" ಅಂತ ನಾಚ್ಕೊಂಡು ಹಾಕಿದ್ರು.

ಬಸ್ಸಿನ ಓನರ್‌ಗೆ ಫೋನ್ ಮಾಡಿ ಈ ರೂಟ್ ಹೇಳಿದ್ರೆ ಆತ ಒಂದು ನಿಮಿಷ ಸುಮ್ಮನಾಗಿ, "ಮೇಡಂ, ನೀವು ಔಟಿಂಗ್ ಹೋಗ್ತಿದೀರೋ ಇಲ್ಲ ಬೆಂಗ್ಳೂರು ದರ್ಶನವೋ?" ಅಂದ. ಯಾಕಂದ್ರೆ ಕಿಲೋಮೀಟರ್ ಲೆಕ್ಕ ನಾವು ಹತ್ತಿದ ಜಾಗದಿಂದ ಅಲ್ಲ ಸ್ವಾಮಿ, ಅವರ ಶೆಡ್‌ನಿಂದ ಹೊರಟು ವಾಪಸ್ ಶೆಡ್ ಸೇರೋವರೆಗೂ. ಶೆಡ್ಡು ಪೀಣ್ಯ. ಅಲ್ಲಿಂದ ನೇರ ಹಾರೋಹಳ್ಳಿ ಅಂದ್ರೆ ಐವತ್ತರ ಆಸುಪಾಸು, ನಮ್ಮ ಮಹಾಶಯನ ಮನೆ ಮುಂದೆ ಹೋಗಿ ಹಾರ್ನ್ ಹೊಡೆದು ಬರೋದಾದ್ರೆ ಒಂದು ಕಡೆಗೇ ಹತ್ತತ್ರ ನೂರು. ಬಾಡಿಗೆ 12,000, ಡ್ರೈವರ್ ಬಾಟಾ 600, ಇನ್ನೂರು ಕಿ.ಮೀ. ದಾಟಿದ್ರೆ ಮೇಲಿಂದು ಬೇರೆ. ದುಡ್ಡು ಹಾಗಿರ್ಲಿ, ಹೆಬ್ಬಾಳದಲ್ಲಿ ಆರೂವರೆಗೆ ಹತ್ತಿದವ್ರು ಊರು ಬಿಡೋಷ್ಟರಲ್ಲಿ ರೆಸಾರ್ಟಿನ ತಿಂಡಿ ಟೈಮ್ ಮುಗಿದಿರುತ್ತೆ, ಆ ಇಡ್ಲಿಗೂ ಜಿಎಸ್‌ಟಿ ಕೊಟ್ಟಿರ್ತೀವಿ.

ಕೊನೆಗೆ ನಾನೇ ಹೇಳ್ದೆ, ಎಲ್ಲರೂ ಮೆಟ್ರೋದಲ್ಲಿ ಬನ್ನಿ, ಹಸಿರು ಲೈನಿನ ಕೊನೇ ಸ್ಟೇಷನ್ ಸಿಲ್ಕ್ ಇನ್‌ಸ್ಟಿಟ್ಯೂಟು ಕನಕಪುರ ರೋಡಲ್ಲೇ ಇದೆ, ಬಸ್ಸು ಅಲ್ಲಿ ನಿಂತಿರುತ್ತೆ. ಕಾಡುಗೋಡಿಯಲ್ಲೂ ಮೆಟ್ರೋ ಇದೆ, ನೇರಳೆ ಲೈನಲ್ಲಿ ಕೂತು ಮೆಜೆಸ್ಟಿಕ್ಕಲ್ಲಿ ಬದಲಾಯಿಸಿದ್ರೆ ಆಯ್ತು. (ಸಿಲ್ಕ್ ಬೋರ್ಡ್ ಬೇರೆ, ಸಿಲ್ಕ್ ಇನ್‌ಸ್ಟಿಟ್ಯೂಟ್ ಬೇರೆ ಅಂತ ಪಿನ್ ಮಾಡಿದೀನಿ, ಆದ್ರೂ ಒಬ್ಬರಾದ್ರೂ ಅಲ್ಲಿಗೆ ಹೋಗೇ ಹೋಗ್ತಾರೆ.) ಮಹಾಶಯ ಮೆಸೇಜ್ ಓದಿ ಅರ್ಧ ದಿನ ಉತ್ತರ ಕೊಡ್ಲಿಲ್ಲ. ಆಮೇಲೆ ಬಂತು: "ಓಕೆ, ಮನೆಯಿಂದ ಸ್ಟೇಷನ್‌ಗೆ ಆಟೋ ಕ್ಲೇಮ್ ಮಾಡ್ಬಹುದಾ?"

ಒಂದೊಂದ್ಸಲ ಹಳೇ ಕಂಪನಿ ನೆನಪಾಗುತ್ತೆ. ಏಳು ಜನ ಇದ್ವಿ, ಎರಡು ಕಾರು, ಯಾರೋ ರಾತ್ರಿ ಹತ್ತಕ್ಕೆ "ನಾಳೆ ಬೆಳಿಗ್ಗೆ ಬಿಡದಿ ತಟ್ಟೆ ಇಡ್ಲಿ" ಅಂದ್ರು, ಹೋದ್ವಿ, ಹೊಟ್ಟೆ ತುಂಬಾ ತಿಂದು ರಾಮನಗರದಲ್ಲಿ ಬಂಡೆ ಮೇಲೆ ಸುಮ್ನೆ ಕೂತಿದ್ವಿ. ಏನು ಮಾತಾಡಿದ್ವಿ ಅಂತ ಒಂದೂ ನೆನಪಿಲ್ಲ. ಅವ್ರಲ್ಲಿ ನಾಲ್ಕು ಜನ ಈಗ ಯಾವ ದೇಶದಲ್ಲಿದಾರೋ ಲಿಂಕ್ಡ್‌ಇನ್ ನೋಡಿಯೇ ತಿಳ್ಕೋಬೇಕು.

ಸರಿ, ಲೆಕ್ಕಕ್ಕೆ ಬರೋಣ. ರೆಸಾರ್ಟು, ಬಸ್ಸು, ಬಾಟಾ ಕಳೆದು ಕೈಲಿ 4,920 ಉಳಿದಿತ್ತು. ಟೋಲು ಪಾರ್ಕಿಂಗು ಹೋಗಿ ಉಳಿದಿದ್ರಲ್ಲಿ ಹಗ್ಗಜಗ್ಗಾಟ, ಅಂತ್ಯಾಕ್ಷರಿ ಗೆದ್ದವ್ರಿಗೆ ಏನಾದ್ರೂ ಪ್ರೈಜ್ ತರೋಣ ಅಂತ ನಾನು ಖುಷಿಯಾಗಿದ್ದೆ. ಆಗ ಮ್ಯಾನೇಜರ್ ಬಂದ್ರು. ಮೊದಲು "ಅಜೆಂಡಾ ಲೈಟಾಗಿರ್ಲಿ" ಅಂದಿದ್ದೂ ಅವ್ರೇ. "ಹೋಗ್ತಾನೇ ಇದೀವಲ್ಲ, ಬರೀ ಹದಿನೈದು ನಿಮಿಷ ಮುಂದಿನ ಕ್ವಾರ್ಟರ್ ಬಗ್ಗೆ ನಾಲ್ಕು ಸ್ಲೈಡ್." ಎಚ್‌ಆರ್‌ನವ್ರು ಹಾಗಿದ್ರೆ ನಮ್ದೂ ಹತ್ತು ನಿಮಿಷ ಅಂದ್ರು. ಸ್ಲೈಡ್ ಅಂದ್ರೆ ಪ್ರೊಜೆಕ್ಟರು, ಪ್ರೊಜೆಕ್ಟರ್ ಅಂದ್ರೆ ಕಾನ್ಫರೆನ್ಸ್ ಹಾಲು, ಹಾಲಿಗೆ ಅರ್ಧ ದಿನಕ್ಕೆ 5,000 ಪ್ಲಸ್ ಟ್ಯಾಕ್ಸು, ಒಟ್ಟು 5,900. ಅಂದ್ರೆ ನಾಲ್ಕು ಸ್ಲೈಡು ನೋಡೋಕೆ ಟೋಲಿನ ದುಡ್ಡೂ ಬಿಟ್ಟು ಇನ್ನೂ 980 ಸಾಲ. ಸ್ಲೈಡುಗಳನ್ನ ಶುಕ್ರವಾರ ಆಫೀಸಲ್ಲೇ, ಕಂಪನಿಯದೇ ಫ್ರೀ ಪ್ರೊಜೆಕ್ಟರಲ್ಲಿ ತೋರಿಸಿಬಿಡಿ ಸರ್ ಅಂದೆ. "ಆಫೀಸಲ್ಲಿ ಆ ಎನರ್ಜಿ ಬರಲ್ಲ" ಅಂದ್ರು. ಹಗ್ಗಜಗ್ಗಾಟ ಅಲ್ಲೇ ಶುರುವಾಗಿದೆ, ಇನ್ನೂ ಮುಗಿದಿಲ್ಲ.

ಸಂಜೆಯೊಳಗೆ ರೆಸಾರ್ಟಿಗೆ ಫೈನಲ್ ತಲೆ ಎಣಿಕೆ ಕೊಡ್ಬೇಕು. ಯಾರು ಬರಲ್ಲ ಈಗ್ಲೇ ಹೇಳಿ ಅಂತ ಕೈಮುಗಿಯೋ ಎಮೋಜಿ ಸಮೇತ ಹಾಕಿದೆ. ಹೊಸದಾಗಿ ಸೇರಿದ ಹುಡುಗ ಎರಡೇ ನಿಮಿಷದಲ್ಲಿ ಉತ್ತರ ಕೊಟ್ಟ, "ನಾನು ಬರದೇ ಇದ್ರೆ ಆ 2,500 ಸ್ಯಾಲರಿ ಜೊತೆ ಹಾಕ್ತಾರಾ ಅಕ್ಕಾ?" ಅಂತ. ಅದಕ್ಕೆ ಆಗ್ಲೇ ಹನ್ನೊಂದು ಥಂಬ್ಸ್ ಅಪ್ ಬಿದ್ದಿವೆ, ಮ್ಯಾನೇಜರ್‌ದೂ ಸೇರಿ.