ಕಾರಿನಿಂದ ಬಂದ ಅರ್ಧ ಉತ್ತರಕ್ಕೆ ಇಷ್ಟು ಸಿಟ್ಟೇ?

ದೊಡ್ಡಪ್ಪನ ಮುನಿಸು ಇನ್ನೂ ಇಳಿದಿಲ್ಲ. ನಾಳೆ ಆಸ್ಪತ್ರೆಗೆ ಜೊತೆಗೆ ಬರುತ್ತೀಯಾ ಎಂದು ಅವರು ನನ್ನ ತಂಗಿಗೆ ಸಂದೇಶ ಕಳುಹಿಸಿದ್ದರು. ಅವಳು ಕಾರು ಓಡಿಸುತ್ತಿದ್ದಳು. ಕಾರೇ ಸಂದೇಶ ಓದಿ ಹೇಳಿ, ಉತ್ತರ ಕೇಳಿತು. "ನನಗೆ ಆಗುವುದಿಲ್ಲ ದೊಡ್ಡಪ್ಪ, ಅಣ್ಣನನ್ನು ಕಳುಹಿಸುತ್ತೇನೆ" ಎಂದಳು. ಅವರಿಗೆ ತಲುಪಿದ್ದು: "ನನಗೆ ಆಗುವುದಿಲ್ಲ ದಡ್ಡ".

ಆಮೇಲೆ ಕೇಳಬೇಕೇ! ಹೆತ್ತವರ ಸಮಾನರನ್ನು ದಡ್ಡ ಎನ್ನುವಷ್ಟು ಸೊಕ್ಕೇ ಎಂದು ನೆಂಟರಿಗೆಲ್ಲ ದೂರು ಹೋಯಿತು. ಯಾರೊಬ್ಬರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಕಳುಹಿಸುತ್ತೇನೆ ಎಂದಿದ್ದ ಆ ಅಣ್ಣ ನಾನೇ. ಅವರನ್ನು ಕರೆದುಕೊಂಡು ಹೋದವನೂ ನಾನೇ. ದಾರಿಯುದ್ದಕ್ಕೂ ಬೈಗುಳ ಕೇಳಿದವನೂ ನಾನೇ.

ಆದದ್ದು ಇಷ್ಟು. ಪಕ್ಕದ ಲಾರಿಯ ಹಾರ್ನ್ "ಪ್ಪ"ವನ್ನು ನುಂಗಿತು. ಉಳಿದ ಸದ್ದಿಗೆ ಹತ್ತಿರದ ಪದವೊಂದನ್ನು ಯಂತ್ರ ಆರಿಸಿಕೊಂಡಿತು. ಕನ್ನಡಿ ನೋಡಲು ಅವಳು ಅರೆಕ್ಷಣ ಮಾತು ನಿಲ್ಲಿಸಿದಳು. ಮೌನವಾದರೆ ಮಾತು ಮುಗಿಯಿತು ಎಂದೇ ಈ ಯಂತ್ರಗಳ ಲೆಕ್ಕ. ಕೇಳಿಸಿಕೊಂಡದ್ದನ್ನು ಓದಿ, ಕಳುಹಿಸಲೇ ಎಂದು ಅದು ಕೇಳಿತು, ನಿಜ. ಆದರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದವರು ಯಂತ್ರದ ಬಾಯಲ್ಲಿ ದೊಡ್ಡ, ದಡ್ಡ ಎಂದು ಅಕ್ಷರ ಎಣಿಸುತ್ತಾ ಕೂರಬೇಕೇ? ರಸ್ತೆ ನೋಡುವುದೇ ಅವಳ ಕೆಲಸ!

ಕೈಗಡಿಯಾರದಿಂದ ಬರುವ ಉತ್ತರಗಳದ್ದೂ ಇದೇ ಪಾಡು. ಅದರಲ್ಲಿ ಮೊದಲೇ ಸಿದ್ಧವಾಗಿರುವ "ಸರಿ", "ಆಮೇಲೆ ಮಾತನಾಡುತ್ತೇನೆ" ಎಂಬವನ್ನು ಒತ್ತಿದರೆ ಸಾಕು, ಹೋಗುತ್ತದೆ. ಎರಡೂ ಕೈಗಳಲ್ಲಿ ಚೀಲ ಹಿಡಿದವರು ಅದನ್ನಲ್ಲದೆ ಇನ್ನೇನು ಒತ್ತಿಯಾರು? ಅದನ್ನೇ ಅಸಡ್ಡೆ ಎಂದು ಓದುತ್ತೀರಿ. ಉದ್ದುದ್ದ ಬರೆಯುವ ಅಭ್ಯಾಸವಿರುವವರಿಂದ ಇದ್ದಕ್ಕಿದ್ದಂತೆ ಬೋಳು ಉತ್ತರ ಬಂದರೆ, ಅದರಲ್ಲಿ ಅಲ್ಪವಿರಾಮ, ಪ್ರಶ್ನೆಚಿಹ್ನೆ ಏನೂ ಇಲ್ಲದಿದ್ದರೆ, ನಡುವೆ ಸಂಬಂಧವಿಲ್ಲದ ಪದವೊಂದು ತೂರಿದ್ದರೆ, ಬಾಯಲ್ಲಿ ಹೇಳಿ ಕಳುಹಿಸಿದ್ದು ಇರಬಹುದು ಎಂದು ಅನುಮಾನ ಬರಬೇಡವೇ? ಆ ಪದವನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ. ಹೆಚ್ಚಿನ ಸಲ ನಿಜವಾದ ಮಾತು ಕಿವಿಗೇ ಸಿಗುತ್ತದೆ. "ದಡ್ಡ" ಎಂದು ಒಂದು ಸಲ ಬಾಯಿಬಿಟ್ಟು ಓದಿದ್ದರೆ ದೊಡ್ಡಪ್ಪನಿಗೂ ಸಿಗುತ್ತಿತ್ತು.

ಎಲ್ಲವನ್ನೂ ಊಹಿಸಿಕೊಂಡು ಸುಮ್ಮನಿರಿ ಎನ್ನುತ್ತಿಲ್ಲ. ಕನ್ನಡದಲ್ಲಿ ಬೇಕು, ಬೇಡ ಎಲ್ಲ ವಾಕ್ಯದ ಕೊನೆಗೇ ಬರುವುದರಿಂದ ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬೀಳಬಹುದು. ಸಮಯ, ಹಣ, ಔಷಧದ ಮಾತಾದರೆ ಕೇಳಿಯೇ ತಿಳಿದುಕೊಳ್ಳಬೇಕು. ಆದರೆ ಅವರು ಗಾಡಿ ನಿಲ್ಲಿಸಿದ ಮೇಲೆ ಕೇಳಿ. "ಅರ್ಧವೇ ಬಂತು, ಮುಂದೇನು ಹೇಳಿದೆ?" ಎಂದರೆ ಸಾಕು. ತಂಗಿಗೆ ಆ ಒಂದು ಪ್ರಶ್ನೆ ಬಂದಿದ್ದರೆ ಅವಳು ರಾತ್ರಿಯಿಡೀ ಅಳುತ್ತಿರಲಿಲ್ಲ. ಆದದ್ದೇನೆಂದು ನಾನು ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ, ದೊಡ್ಡಪ್ಪ ಒಪ್ಪುತ್ತಿಲ್ಲ. ಅವಳೇ ಬಂದು ಕ್ಷಮೆ ಕೇಳಬೇಕಂತೆ. ಅವಳು ಕೇಳುವುದಿಲ್ಲ, ಕೇಳಲು ನಾನೂ ಬಿಡುವುದಿಲ್ಲ.