ಇವತ್ತಿಗೆ ಮಾತ್ರ

ನನಗೆ ಲಾಟರಿ ಹೊಡೆದದ್ದು ಒಂದೇ ಸಲ, ಅದೂ ಠಾಣೆಯ ಮಾಲ್ ಒಂದರಲ್ಲಿ ತೊಗರಿಬೇಳೆ ಕೊಂಡು ಹೊರಬರುವಾಗ. ಎಸ್ಕಲೇಟರ್ ಪಕ್ಕದಲ್ಲಿ ಒಂದು ಮೇಜು, ಅದರ ಮೇಲೆ ಗಾಜಿನ ಡಬ್ಬ, ಹಿಂದೆ ತೆಂಗಿನ ಮರಗಳ ಚಿತ್ರ. ಚೀಟಿಯಲ್ಲಿ ಹೆಸರು, ಮೊಬೈಲ್ ನಂಬರು ಕೇಳಿದ್ದು ಸರಿ. ಮದುವೆಯಾಗಿದೆಯೇ, ತಿಂಗಳ ಆದಾಯವೆಷ್ಟು, ಕ್ರೆಡಿಟ್ ಕಾರ್ಡ್ ಇದೆಯೇ ಎಂದೂ ಕೇಳಿದ್ದರು. ನಮ್ಮ ಮಾವನವರು ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ. ಆದರೂ ತುಂಬಿ ಹಾಕಿದೆ.

ಎರಡೇ ದಿನದಲ್ಲಿ ಫೋನ್ ಬಂತು. ಗೋವಾದಲ್ಲಿ ಮೂರು ರಾತ್ರಿ ಉಚಿತ ವಾಸ! ಬಹುಮಾನ ಪಡೆಯಲು ಗಂಡ ಹೆಂಡತಿ ಇಬ್ಬರೂ ಬರಬೇಕು, ಕಾರ್ಡ್ ಜೊತೆಗಿರಬೇಕು. ಇಬ್ಬರೂ ಏಕೆಂದು ಆಮೇಲೆ ತಿಳಿಯಿತು. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಜಾರಿಕೊಳ್ಳುವ ನಮ್ಮ ಪುರಾತನ ಹಿತ್ತಿಲ ಬಾಗಿಲಿಗೆ ಅವರು ಮೊದಲೇ ಬೀಗ ಹಾಕಿರುತ್ತಾರೆ.

ಅಂಧೇರಿಯ ಹೋಟೆಲೊಂದರ ಸಭಾಂಗಣ. ಇಪ್ಪತ್ತು ಮೇಜು, ಮಾತು ಕೇಳಿಸದಷ್ಟು ಸಂಗೀತ. ಯಾರಾದರೂ ಸಹಿ ಹಾಕಿದರೆ ಗಂಟೆ ಬಾರಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎರಡು ಸಲ ನಾನೂ ತಟ್ಟಿದೆ. ನಮ್ಮ ಮೇಜಿನ ಹುಡುಗ ನಾವು ಮಾತಾಡಿದ್ದನ್ನು ಕೇಳಿ, "ಸರ್, ಕನ್ನಡದವರೇ? ನಮ್ಮದು ಕುಂದಾಪುರ" ಎಂದ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಈ ಮಾತು ಸಾಕು, ಮೊದಲು ಮನಸ್ಸು ಕರಗುತ್ತದೆ, ಆಮೇಲೆ ಜೇಬು.

ಅವರು ಮಾರುತ್ತಿದ್ದದ್ದು ರಜೆ ಕಳೆಯುವ ಕ್ಲಬ್ಬಿನ ಸದಸ್ಯತ್ವ, ಅಂದರೆ ಮುಂದಿನ ವರ್ಷಗಳ ಕೋಣೆ ಬಾಡಿಗೆಯನ್ನು ಈಗಲೇ ಕಟ್ಟಿಬಿಡುವುದು. ಒಂದೂವರೆ ಗಂಟೆ ಸ್ವಿಟ್ಜರ್‌ಲೆಂಡ್, ಬಾಲಿ ತೋರಿಸಿದ ಬಳಿಕ ಬೆಲೆ ಬಂತು. 25 ವರ್ಷ, ವರ್ಷಕ್ಕೆ ಆರು ರಾತ್ರಿ, ನಾಲ್ಕು ಲಕ್ಷ ಎಂಬತ್ತು ಸಾವಿರ. ನಾನು ಕೆಮ್ಮಿದೆ. ಕೋಟು ತೊಟ್ಟ ಮ್ಯಾನೇಜರ್ ಬಂದು ಅದನ್ನು ಹೊಡೆದುಹಾಕಿ, "ನಿಮಗಾಗಿ" ಎಂದು ಮೂರು ಲಕ್ಷ ಇಪ್ಪತ್ತು ಸಾವಿರ ಬರೆದ. ಮತ್ತೆ ಕೆಮ್ಮಿದಾಗ ಎರಡು ಲಕ್ಷ ಅರವತ್ತು ಸಾವಿರವಾಯಿತು. ದಾದರ್‌ನ ಫುಟ್‌ಪಾತಿನಲ್ಲಿ ಚಪ್ಪಲಿಗೂ ಇಷ್ಟು ಬೇಗ ಬೆಲೆ ಇಳಿಯುವುದಿಲ್ಲ. "ಆದರೆ ಇವತ್ತಿಗೆ ಮಾತ್ರ, ಸರ್."

ನನ್ನ ಕೈ ಕಾರ್ಡಿನತ್ತ ಹೋಯಿತು. ನನ್ನ ಹೆಂಡತಿ ಅಭಿಪ್ರಾಯ ಬರೆಯಲು ಕೊಟ್ಟಿದ್ದ ಹಾಳೆಯನ್ನು ಮಗುಚಿ ಲೆಕ್ಕ ಹಾಕತೊಡಗಿದ್ದಳು. ಶೇಕಡಾ 18 ಜಿಎಸ್‌ಟಿ ಸೇರಿದರೆ 3,06,800. ವಾರ್ಷಿಕ ನಿರ್ವಹಣಾ ಶುಲ್ಕ 11,000 ಎಂದು ಹುಡುಗ ತುಟಿಯಂಚಿನಲ್ಲಿ ಹೇಳಿದ್ದ. ಹೋದರೂ ಹೋಗದಿದ್ದರೂ ಅದನ್ನು ಕಟ್ಟಬೇಕು. ಏರದೆ ಹಾಗೆಯೇ ಇದ್ದರೂ 25 ವರ್ಷಕ್ಕೆ 2,75,000. ಒಟ್ಟು 5,81,800 ರೂಪಾಯಿಯನ್ನು 150 ರಾತ್ರಿಗಳಿಗೆ ಹಂಚಿದರೆ ಒಂದು ರಾತ್ರಿಗೆ ಸುಮಾರು 3,880. ಊಟ, ರೈಲು ಬೇರೆ.

"ರೀ, ಮಹಾಬಳೇಶ್ವರದಲ್ಲಿ ಮೂರು ಸಾವಿರಕ್ಕೆ ತಿಂಡಿಯನ್ನೂ ಕೊಟ್ಟಿದ್ದರಲ್ಲವೇ?" ಎಂದಳು. ಆಮೇಲೆ ಹುಡುಗನ ಕಡೆ ತಿರುಗಿ, "ಮೇ ತಿಂಗಳಲ್ಲಿ ಕೋಣೆ ಸಿಗುತ್ತದೆಯೇನಪ್ಪಾ?" ಎಂದು ಕೇಳಿದಳು. ವರ್ಷವನ್ನು ಅವರು ಒಂದೊಂದು ಬಣ್ಣದ ಸೀಸನ್ನುಗಳಾಗಿ ಹಂಚಿಟ್ಟಿದ್ದರು. ನಮಗೆ ಕೊಟ್ಟ ಬಣ್ಣದಲ್ಲಿ ಮೇ ಇಲ್ಲ, ದೀಪಾವಳಿ ಇಲ್ಲ. ಇದ್ದದ್ದು ಹೆಚ್ಚಾಗಿ ಮಳೆಗಾಲ. ಅವಧಿ ಮುಗಿಯುವಾಗ ನನಗೆ 79 ವರ್ಷ. ಕೊನೆಯ ಆರು ರಾತ್ರಿಗಳಿಗೆ ಗಾಲಿಕುರ್ಚಿಯೂ ಸೇರಿದೆಯೇ ಎಂದು ನಾನು ಕೇಳಲಿಲ್ಲ.

"ಒಪ್ಪಂದದ ಪ್ರತಿ ಕೊಡು, ಮನೆಯಲ್ಲಿ ಓದಿ ನಾಳೆ ಬರುತ್ತೇವೆ" ಎಂದಳು. ಸಂಗೀತವೇ ನಿಂತಂತಾಯಿತು. ಕಾಗದ ಹೊರಗೆ ಹೋಗುವಂತಿಲ್ಲವಂತೆ, ಸಹಿಯಾದ ಮೇಲೆಯೇ ಪ್ರತಿಯಂತೆ. ಅವಳು ಎದ್ದೇಬಿಟ್ಟಳು. ಅವಳ ಈ ಬಿಗಿಗೆ ಕಾರಣವಿತ್ತು. ನಮ್ಮ ಕಟ್ಟಡದ ಮೂರನೇ ಮಹಡಿಯವರು ಇಂಥದ್ದೇ ಒಂದು ಮೇಜಿನಲ್ಲಿ ಸಹಿ ಹಾಕಿದ್ದರು. ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸಿದರೆ ರದ್ದು ಮಾಡಬಹುದೆಂದು ಹನ್ನೊಂದನೇ ಪುಟದಲ್ಲಿತ್ತು. ಅವರು ಪತ್ರ ಬರೆಯುವ ಬದಲು ಫೋನ್ ಮಾಡಿದರು. ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಮಾಡಿ, ನಾವೇ ತಿಳಿಸುತ್ತೇವೆ ಎಂಬ ಉತ್ತರ ಕೇಳುತ್ತ ಹತ್ತು ದಿನ ಕಳೆಯಿತು. ಕಂತು ಮಾತ್ರ ಬ್ಯಾಂಕಿನದು. ಅದಕ್ಕೆ ಯಾವ ಮ್ಯಾನೇಜರನ ರಜೆಯೂ ಅನ್ವಯಿಸುವುದಿಲ್ಲ.

ಬಹುಮಾನ ಕೊಟ್ಟರು, ಸುಳ್ಳು ಹೇಳಬಾರದು. ವೋಚರಿನ ಹಿಂದೆ ಇರುವೆ ಗಾತ್ರದ ಅಕ್ಷರಗಳಿದ್ದವು. 45 ದಿನ ಮೊದಲೇ ತಿಳಿಸಬೇಕು, ಶನಿವಾರ ಭಾನುವಾರ ಇಲ್ಲ, ಪ್ರತಿಯೊಬ್ಬರಿಗೂ ದಿನಕ್ಕೆ 900 ರೂಪಾಯಿ ಸೇವಾ ಶುಲ್ಕ. ಅದು ಈಗ ಹಾಲಿನ ಲೆಕ್ಕ ಬರೆಯುವುದಕ್ಕೆ ಉಪಯೋಗವಾಗುತ್ತಿದೆ.

ನಾಲ್ಕನೆಯ ದಿನ ಕುಂದಾಪುರದ ಹುಡುಗನ ಫೋನ್ ಬಂತು. ಎರಡು ಲಕ್ಷ ಹತ್ತು ಸಾವಿರ, ಇವತ್ತಿಗೆ ಮಾತ್ರ. ಮರುವಾರವೂ ಬಂತು, ಅದೂ ಇವತ್ತಿಗೆ ಮಾತ್ರ.

ಕಳೆದ ಭಾನುವಾರ ಅದೇ ಮಾಲಿನಲ್ಲಿ ಅದೇ ಗಾಜಿನ ಡಬ್ಬ ಕಂಡಿತು. ನಾನು ಬೇಗ ಹೆಜ್ಜೆ ಹಾಕಿದೆ. ಹಿಂತಿರುಗಿ ನೋಡಿದರೆ ಹೆಂಡತಿ ನಿಂತು ಚೀಟಿ ತುಂಬುತ್ತಿದ್ದಾಳೆ. ಗಾಬರಿಯಿಂದ ಇಣುಕಿದೆ. ಪರ್ಸಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು, ಕುಂದಾಪುರದ ಹುಡುಗನ ನಂಬರನ್ನು ಒಂದೊಂದೇ ಅಂಕಿಯಾಗಿ ಚೌಕದೊಳಗೆ ಇಳಿಸುತ್ತಿದ್ದಳು.